ಕರುಳಿನ ಕ್ಯಾನ್ಸರ್ ಮನೆತನದಲ್ಲಿದೆಯಾ? ತಾಯಿ ಕಡೆಯವರನ್ನೂ ಕೇಳಿ, ಒಳಮದುವೆಯ ಗೆರೆಯನ್ನೂ ಎಳೆಯಿರಿ

ದೊಡ್ಡ ಕರುಳಿನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಅದು ವಂಶದಿಂದ ಬಂದದ್ದಲ್ಲ. ಆದರೆ ನೂರರಲ್ಲಿ ಸುಮಾರು ಮೂವರಿಗೆ ಲಿಂಚ್ ಸಿಂಡ್ರೋಮ್ ಎಂಬ ದೋಷ ಹುಟ್ಟಿನಿಂದಲೇ ಇರುತ್ತದೆ. ಅಂಥವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಪ್ರತಿಯೊಬ್ಬರಿಗೂ ಆ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಕಾಯಿಲೆ ಬರುವ ಮೊದಲೇ ಇದನ್ನು ತಿಳಿದರೆ ಕರುಳಿನ ಕ್ಯಾನ್ಸರನ್ನು ಬಹುಪಾಲು ತಡೆಯಬಹುದು. ಹಾಗಾಗಿ ಆ ಮೂವರು ಯಾರು ಎಂದು ಹುಡುಕುವುದು ಹೇಗೆ, ಹುಡುಕಿದ ಮೇಲೆ ಮನೆಯವರು ಏನು ಮಾಡಬೇಕು ಎನ್ನುವುದಷ್ಟೇ ಈ ಲೇಖನ.

ಮೊದಲು ದೋಷ ಏನು ಅಂತ ನೋಡೋಣ. ಜೀವಕೋಶ ಎರಡಾಗುವಾಗಲೆಲ್ಲ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ತಪ್ಪುಗಳು ಬೀಳುತ್ತವೆ. ಅಚ್ಚಿಗೆ ಹೋಗುವ ಮುಂಚೆ ಕರಡು ತಿದ್ದುವವರ ಹಾಗೆ ಈ ತಪ್ಪುಗಳನ್ನು ಹಿಡಿಯುವ ನಾಲ್ಕು ಪ್ರೋಟೀನುಗಳಿವೆ: ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಇವುಗಳ ಜೀನುಗಳಿಗೂ ಇದೇ ಹೆಸರು. ಪ್ರತಿ ಜೀನಿನ ಎರಡು ಪ್ರತಿ ನಮ್ಮಲ್ಲಿರುತ್ತವೆ, ಒಂದು ಅಪ್ಪನದು, ಒಂದು ಅಮ್ಮನದು. ಲಿಂಚ್ ಇರುವವರಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಮುಂದೆ ಕರುಳಿನ ಯಾವುದೋ ಒಂದು ಕೋಶದಲ್ಲಿ ಎರಡನೆಯದೂ ಕೆಟ್ಟರೆ ಅಲ್ಲಿ ತಪ್ಪು ತಿದ್ದುವವರೇ ಇರುವುದಿಲ್ಲ. ತಪ್ಪುಗಳು ಬೇಗ ಬೇಗ ಕೂಡಿಕೊಳ್ಳುತ್ತವೆ. ಸಾಮಾನ್ಯವಾಗಿ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಪಾಲಿಪ್ ಎಂಬ ಸಣ್ಣ ಗಂಟು ಕ್ಯಾನ್ಸರ್ ಆಗಲು ಹತ್ತು ವರ್ಷ ಹಿಡಿದರೆ, ಲಿಂಚ್ ಇರುವವರಲ್ಲಿ ಅದು ಎರಡು ಮೂರು ವರ್ಷದಲ್ಲೇ ಆಗಬಹುದು.

ವಂಶದಲ್ಲಿ ಬರುವ ಇನ್ನೊಂದು ಕಾಯಿಲೆ ಎಫ್‌ಎಪಿ. ಅದರಲ್ಲಿ ಕರುಳಿನ ತುಂಬ ನೂರಾರು ಪಾಲಿಪ್‌ಗಳಿರುತ್ತವೆ. ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಮಾಡಿದ ಡಾಕ್ಟರಿಗೆ ಅದು ಕಣ್ಣಿಗೇ ಕಾಣುತ್ತದೆ, ಹೀಗಾಗಿ ತಪ್ಪಿಹೋಗುವುದು ಕಡಿಮೆ. ಲಿಂಚ್ ಹಾಗಲ್ಲ. ಕರುಳಿನಲ್ಲಿ ಒಂದೋ ಎರಡೋ ಪಾಲಿಪ್ ಇರಬಹುದು, ಇಲ್ಲದೆಯೂ ಇರಬಹುದು. ಸುಳಿವು ಕರುಳಿಗಿಂತ ಜಾಸ್ತಿ ನೆಂಟರಿಷ್ಟರ ಕಥೆಯಲ್ಲಿರುತ್ತದೆ.

ಹೊಟ್ಟೆ ನೋವಿನಿಂದ ಹೋದವರು ಯಾರು?

ಉದಾಹರಣೆಗೆ ಶಿರಾ ಕಡೆಯ ಒಂದು ಮನೆ ಅಂದುಕೊಳ್ಳೋಣ. ಇದು ಕಲ್ಪಿತ ಮನೆ, ಆದರೆ ಇಂಥ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. 43 ವರ್ಷದ ಗಂಡಸಿಗೆ ಕರುಳಿನ ಬಲಭಾಗದಲ್ಲಿ ಗಡ್ಡೆ ಸಿಕ್ಕಿ ಆಪರೇಷನ್ ಆಗಿದೆ. ಮನೆಯಲ್ಲಿ ಬೇರೆ ಯಾರಿಗಾದರೂ ಕ್ಯಾನ್ಸರ್ ಇತ್ತಾ ಎಂದು ಕೇಳಿದರೆ ಬರುವ ಉತ್ತರ: "ಇಲ್ಲ ಮೇಡಂ, ನಮ್ಮ ವಂಶದಲ್ಲಿ ಯಾರಿಗೂ ಇಲ್ಲ."

ವಂಶ ಅಂದಾಗ ಅವರ ತಲೆಯಲ್ಲಿರುವುದು ಅಪ್ಪ, ಅಜ್ಜ, ಚಿಕ್ಕಪ್ಪ, ದೊಡ್ಡಪ್ಪ. ತಾಯಿ ಕಡೆಯವರು ಬೇರೆ ಮನೆತನ ಎಂದು ಲೆಕ್ಕಕ್ಕೇ ಬಂದಿಲ್ಲ. ಜೀನಿಗೆ ಈ ಭೇದ ಗೊತ್ತಿಲ್ಲ. ಅರ್ಧ ತಾಯಿಯಿಂದಲೇ ಬರುವುದು. ಹಾಗಾಗಿ "ವಂಶದಲ್ಲಿ ಯಾರಿಗಾದರೂ ಇತ್ತಾ" ಎಂದು ಕೇಳಬೇಡಿ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿ: ಅಮ್ಮ ಇದ್ದಾರಾ? ಎಷ್ಟನೇ ವಯಸ್ಸಿನಲ್ಲಿ ಹೋದರು? ಯಾಕೆ? ಆಮೇಲೆ ಅಮ್ಮನ ಒಡಹುಟ್ಟಿದವರು, ಅವರ ಮಕ್ಕಳು, ಅಜ್ಜ ಅಜ್ಜಿ. ಅಪ್ಪನ ಕಡೆಯೂ ಹೀಗೇ. ಕನಿಷ್ಠ ಮೂರು ತಲೆಮಾರು ಬೇಕು.

ಈ ಕೆಲಸಕ್ಕೆ ಒಬ್ಬ ಹಿರಿಯ ಹೆಂಗಸನ್ನು ಕೂರಿಸಿಕೊಳ್ಳಿ. ಅಜ್ಜಿ, ಸೋದರತ್ತೆ, ಚಿಕ್ಕಮ್ಮ ಯಾರಾದರೂ ಸರಿ. ಯಾರಿಗೆ ಎಷ್ಟು ಮಕ್ಕಳು, ಯಾವುದು ಹೋಯಿತು, ಯಾರು ಎಷ್ಟು ದಿನ ಆಸ್ಪತ್ರೆಯಲ್ಲಿದ್ದರು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ವಯಸ್ಸು ಸರಿಯಾಗಿ ನೆನಪಿಲ್ಲದಿದ್ದರೆ "ಅವರು ಹೋದಾಗ ದೊಡ್ಡ ಮಗನ ಮದುವೆ ಆಗಿತ್ತಾ?" ಎಂದು ಕೇಳಿ. ವರ್ಷ ತಾನಾಗಿಯೇ ಹೊರಬರುತ್ತದೆ.

ಉತ್ತರ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಕೆಲವು ಮಾತುಗಳನ್ನು ಬಿಡಿಸಿ ನೋಡಬೇಕು. "ಹೊಟ್ಟೆ ಕ್ಯಾನ್ಸರ್" ಅಂದರೆ ಜಠರದ್ದೂ ಆಗಬಹುದು, ಕರುಳಿನದೂ ಆಗಬಹುದು, ಅಂಡಾಶಯದ್ದೂ ಆಗಬಹುದು. "ಕರುಳು ಕಟ್ಟಿಕೊಂಡು ಹೋದರು" ಅನ್ನುವುದರ ಹಿಂದೆ ಗಡ್ಡೆ ಇದ್ದಿರಬಹುದು. "ಮೂಲವ್ಯಾಧಿ ಇತ್ತು, ರಕ್ತ ಹೋಗಿ ಹೋಗಿ ಸೊರಗಿದರು" ಎಂದರೆ ಅದು ನಿಜಕ್ಕೂ ಮೂಲವ್ಯಾಧಿಯೇ ಎಂದು ಒಳಗೆ ನೋಡಿದವರು ಯಾರಾದರೂ ಇದ್ದರಾ ಎಂದು ಕೇಳಿ.

ಗರ್ಭಕೋಶದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಲಿಂಚ್ ಇರುವ ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ತುಂಬಾ ಸಾಮಾನ್ಯ. ಕೆಲವರಲ್ಲಿ ಕರುಳಿಗಿಂತ ಮೊದಲು ಅದೇ ಬರುತ್ತದೆ. ಆದರೆ ನಮ್ಮ ಹಿಂದಿನ ತಲೆಮಾರಿನ ಹೆಂಗಸರಲ್ಲಿ ಜಾಸ್ತಿ ಕಂಡದ್ದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಅದು ಎಚ್‌ಪಿವಿ ವೈರಸ್‌ನಿಂದ ಬರುವುದು, ಲಿಂಚ್ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರು ಎರಡಕ್ಕೂ "ಗರ್ಭಕೋಶದ ಕ್ಯಾನ್ಸರ್" ಎಂದೇ ಹೇಳುತ್ತಾರೆ. ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ ಎಂಡೋಮೆಟ್ರಿಯಮ್ ಎಂದಿದೆಯೋ ಸರ್ವಿಕ್ಸ್ ಎಂದಿದೆಯೋ ನೋಡಿಯೇ ತೀರ್ಮಾನ ಮಾಡಬೇಕು. ಇನ್ನು "ಗರ್ಭಕೋಶ ತೆಗೆಸಿದರು" ಎಂಬ ಮಾತು. ನಮ್ಮ ಹಳ್ಳಿಗಳಲ್ಲಿ ಮುಟ್ಟಿನ ತೊಂದರೆಗೆ, ಬಿಳಿ ಸೆರಗಿಗೆ ಮೂವತ್ತು ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವರು ಇದ್ದಾರೆ. ಆ ಹೆಂಗಸಿಗೆ ಗರ್ಭಕೋಶದ ಕ್ಯಾನ್ಸರ್ ಬರಲು ಜಾಗವೇ ಇರುವುದಿಲ್ಲ. ಹಾಗಾಗಿ ಅವರಿಗೆ ಕಾಯಿಲೆ ಬಂದಿಲ್ಲ ಎಂಬುದರಿಂದ ಅವರಲ್ಲಿ ದೋಷ ಇಲ್ಲ ಎಂದು ಹೇಳಲಾಗುವುದಿಲ್ಲ. ಯಾವ ವಯಸ್ಸಿನಲ್ಲಿ, ಯಾಕೆ ತೆಗೆದರು ಎಂದು ಬರೆದಿಡಿ.

ಶಿರಾ ಮನೆಯಲ್ಲಿ ಹೀಗೆ ಕೇಳುತ್ತ ಹೋದಾಗ ಸಿಕ್ಕಿದ್ದು ಇಷ್ಟು. ತಾಯಿಗೆ 49ಕ್ಕೆ ಗರ್ಭಕೋಶದ ಕ್ಯಾನ್ಸರ್. ಟ್ರಂಕಿನಲ್ಲಿದ್ದ ಹಳೆಯ ಫೈಲಿನಲ್ಲಿ ಎಂಡೋಮೆಟ್ರಿಯಮ್ ಎಂದೇ ಇದೆ. ದೊಡ್ಡ ಸೋದರಮಾವ 52ಕ್ಕೆ "ಕರುಳು ಕಟ್ಟಿಕೊಂಡು" ತೀರಿಕೊಂಡವರು. ಅವರ ಮಗನ ಹತ್ತಿರ ಇದ್ದ ಬಯಾಪ್ಸಿ ರಿಪೋರ್ಟ್ ನೋಡಿದರೆ ಅದು ದೊಡ್ಡ ಕರುಳಿನ ಶುರುವಿನ ಭಾಗದ ಗಡ್ಡೆ. ತಾಯಿಯ ತಂದೆ ಅರವತ್ತರ ಹೊತ್ತಿಗೆ ಹೊಟ್ಟೆ ನೋವಿನಿಂದ ಹೋದರು, ಕಾಗದ ಯಾವುದೂ ಇಲ್ಲ. ಕಾಗದ ಇಲ್ಲದ್ದನ್ನೂ ಬರೆದಿಡಿ, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ.

"ಯಾರಿಗೂ ಇಲ್ಲ" ಎಂದ ಮನೆ ಇದು.

ಚಿತ್ರ ಬರೆಯುವುದು

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕ್ಯಾನ್ಸರ್ ಬಂದವರನ್ನು ಕಪ್ಪು ಮಾಡಿ, ತೀರಿಕೊಂಡವರ ಮೇಲೆ ಓರೆ ಗೆರೆ ಎಳೆಯಿರಿ. ಕೆಳಗೆ ಯಾವ ಭಾಗದ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ ಪತ್ತೆಯಾಯಿತು ಎಂದು ಬರೆಯಿರಿ. ತೀರಿಕೊಂಡ ವಯಸ್ಸಿಗಿಂತ ಪತ್ತೆಯಾದ ವಯಸ್ಸು ಮುಖ್ಯ. ಕಾಯಿಲೆ ಇಲ್ಲದವರನ್ನೂ ಬಿಡಬೇಡಿ. ಎಂಬತ್ತು ವರ್ಷ ಗಟ್ಟಿಯಾಗಿದ್ದ ಅಜ್ಜಿಯೂ ಒಂದು ಸುಳಿವೇ.

ನಮ್ಮ ನೆಂಟಸ್ತನದ ಹೆಸರುಗಳು ಇಲ್ಲಿ ಸ್ವಲ್ಪ ಕಾಟ ಕೊಡುತ್ತವೆ. ದೊಡ್ಡಮ್ಮ ಎಂದರೆ ಅಮ್ಮನ ಅಕ್ಕನೂ ಆಗಬಹುದು, ದೊಡ್ಡಪ್ಪನ ಹೆಂಡತಿಯೂ ಆಗಬಹುದು. ಮೊದಲನೆಯವರು ರಕ್ತಸಂಬಂಧ, ಎರಡನೆಯವರು ಹೊರಗಿನಿಂದ ಬಂದವರು. ಅಣ್ಣ ಎಂದವರು ಒಡಹುಟ್ಟಿದವರೋ ದೊಡ್ಡಪ್ಪನ ಮಗನೋ? ಆಸ್ಪತ್ರೆಯ ಫಾರ್ಮಿನಲ್ಲಿ ಸುಮ್ನೆ "ಅತ್ತೆ" ಎಂದು ಬರೆದರೆ ಚಿತ್ರ ಬರೆಯುವವರಿಗೆ ಏನೂ ಗೊತ್ತಾಗುವುದಿಲ್ಲ. ಯಾರ ಮಗಳು, ಯಾರ ತಂಗಿ ಎಂದು ಬರೆಯಿರಿ.

ಇನ್ನು ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಗೆರೆ. ನೆಂಟರೊಳಗೇ ಮದುವೆಯಾದ ಗಂಡಹೆಂಡಿರ ನಡುವೆ ಒಂದಲ್ಲ, ಎರಡು ಗೆರೆ ಎಳೆಯಬೇಕು. ಸೋದರಮಾವನಿಗೆ ಕೊಟ್ಟದ್ದು, ಅತ್ತೆ ಮಗನನ್ನು ಮಾಡಿಕೊಂಡದ್ದು, ಮಾವನ ಮಗಳನ್ನು ತಂದದ್ದು ಎಲ್ಲಕ್ಕೂ ಜೋಡಿ ಗೆರೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಶಿರಾ ಮನೆಯಲ್ಲಿ ಕಾಯಿಲೆ ಬಂದವನ ಅಕ್ಕನನ್ನು ಚಿಕ್ಕ ಸೋದರಮಾವನಿಗೇ ಕೊಟ್ಟಿದೆ. ಅವನಿಗೆ ಅವರು ಮಾವನೂ ಹೌದು, ಭಾವನೂ ಹೌದು. ಈ ಎರಡು ಗೆರೆ ಮುಂದೆ ಲೆಕ್ಕವನ್ನೇ ಬದಲಿಸುತ್ತದೆ.

ಚಿತ್ರ ಮುಗಿದ ಮೇಲೆ ಒಂದು ಹಳೆಯ ಲೆಕ್ಕ ಹಾಕಿ ನೋಡಬಹುದು. ಅದಕ್ಕೆ ಆಮ್ಸ್ಟರ್ಡ್ಯಾಮ್ ಮಾನದಂಡ ಎಂದು ಹೆಸರು. ಲಿಂಚ್‌ಗೆ ಸಂಬಂಧಿಸಿದ ಕ್ಯಾನ್ಸರ್ ಬಂದ ಮೂವರು ಇರಬೇಕು, ಅವರಲ್ಲಿ ಒಬ್ಬರು ಉಳಿದಿಬ್ಬರಿಗೆ ಅಪ್ಪ, ಅಮ್ಮ, ಮಕ್ಕಳು ಅಥವಾ ಒಡಹುಟ್ಟಿದವರಾಗಿರಬೇಕು. ಎರಡು ತಲೆಮಾರು ಸೇರಿರಬೇಕು. ಒಬ್ಬರಿಗಾದರೂ 50ಕ್ಕೆ ಮುಂಚೆ ಪತ್ತೆಯಾಗಿರಬೇಕು. ಎಫ್‌ಎಪಿ ಅಲ್ಲ ಎಂದೂ ಖಾತ್ರಿಯಾಗಿರಬೇಕು. ನಮ್ಮ ಮನೆಯಲ್ಲಿ ಮಗ, ತಾಯಿ, ಮಾವ ಮೂವರೂ ಇದಕ್ಕೆ ಹೊಂದುತ್ತಾರೆ, ನಡುವೆ ಇರುವವರು ತಾಯಿ. ಆದರೆ ಇದಕ್ಕೆ ಹೊಂದದಿದ್ದರೆ ಲಿಂಚ್ ಇಲ್ಲ ಎಂದುಕೊಳ್ಳಬೇಡಿ. ಈಗಿನ ಚಿಕ್ಕ ಸಂಸಾರಗಳಲ್ಲಿ ಮೂವರು ಸಿಗುವುದೇ ಕಷ್ಟ. ಅದಕ್ಕೇ ಈಗ ಕರುಳಿನ ಕ್ಯಾನ್ಸರ್ ಬಂದ ಪ್ರತಿಯೊಬ್ಬರ ಗಡ್ಡೆಯನ್ನೂ ಪರೀಕ್ಷೆ ಮಾಡಿ ಎನ್ನುತ್ತಾರೆ.

ಮೊದಲು ಗಡ್ಡೆ, ಆಮೇಲೆ ರಕ್ತ

ಗಡ್ಡೆಯ ಪರೀಕ್ಷೆಗೆ ಐಎಚ್‌ಸಿ ಎಂದು ಹೆಸರು. ಆಪರೇಷನ್ ಆದ ಗಡ್ಡೆಯ ತುಣುಕನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಅದರಿಂದ ತೆಳು ಪದರ ಕೊಯ್ದು, ಮೇಲೆ ಹೇಳಿದ ನಾಲ್ಕು ಪ್ರೋಟೀನುಗಳಿಗೆ ಬಣ್ಣ ಹಾಕಿ ನೋಡುತ್ತಾರೆ. ಇದಕ್ಕೆ ಹೊಸದಾಗಿ ಏನೂ ಚುಚ್ಚಬೇಕಾಗಿಲ್ಲ. ಬಯಾಪ್ಸಿ ರಿಪೋರ್ಟಿನಲ್ಲಿ ಈ ನಾಲ್ಕು ಹೆಸರು ಕಾಣದಿದ್ದರೆ ಪರೀಕ್ಷೆ ಆಗಿಲ್ಲ ಎಂದೇ ಅರ್ಥ. ಡಾಕ್ಟರನ್ನು ಕೇಳಿ ಮಾಡಿಸಿ. ಇದು ಮನೆಯವರಿಗೆ ಮಾತ್ರ ಉಪಯೋಗ ಎಂದಲ್ಲ. ಯಾವ ಕೀಮೋ ಕೆಲಸ ಮಾಡುತ್ತದೆ, ಇಮ್ಯುನೋಥೆರಪಿ ಕೊಡಬಹುದಾ ಎಂಬುದೂ ಇದರಿಂದ ತಿಳಿಯುತ್ತದೆ.

ನಾಲ್ಕೂ ಇವೆ ಎಂದು ಬಂದರೆ ಲಿಂಚ್ ಇರುವ ಸಾಧ್ಯತೆ ತುಂಬಾ ಕಡಿಮೆ. ಮನೆಯ ಕಥೆ ಬಲವಾಗಿದ್ದರೆ ಮಾತ್ರ ಮುಂದೆ ಹೋಗಬೇಕು. ಎಂಎಲ್‌ಎಚ್1 ಮತ್ತು ಪಿಎಂಎಸ್2 ಎರಡೂ ಇಲ್ಲದಿದ್ದರೆ ಸ್ವಲ್ಪ ತಾಳಿ. ವಯಸ್ಸಾದವರಲ್ಲಿ ಇದು ವಂಶಕ್ಕೆ ಸಂಬಂಧವಿಲ್ಲದೆಯೂ ಆಗುತ್ತದೆ. ಬಿರಾಫ್ ಅಥವಾ ಮಿಥೈಲೇಷನ್ ಎಂಬ ಇನ್ನೊಂದು ಪರೀಕ್ಷೆ ಅದನ್ನು ಬೇರೆ ಮಾಡಿ ತೋರಿಸುತ್ತದೆ. ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಇಲ್ಲದಿದ್ದರೆ ಲಿಂಚ್ ಬಗ್ಗೆ ಅನುಮಾನ ಗಟ್ಟಿ. ನಮ್ಮ ಶಿರಾದವನ ರಿಪೋರ್ಟಿನಲ್ಲಿ ಇಲ್ಲದ್ದು ಈ ಎರಡೇ.

ಈಗ ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಬೇಕು. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಇದಕ್ಕೇ ಒಂದು ಕ್ಲಿನಿಕ್ ಇದೆ. ಬೆಂಗಳೂರಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲೂ ಕೇಳಬಹುದು. ಬರುವಾಗ ಆ ಚಿತ್ರ, ಐಎಚ್‌ಸಿ ರಿಪೋರ್ಟ್, ಸಿಕ್ಕಿದ ಹಳೆಯ ಕಾಗದಗಳು ಎಲ್ಲ ತನ್ನಿ. ರಕ್ತ ತೆಗೆಯುವ ಮೊದಲು ಅಲ್ಲಿ ಮಾತಾಡುವ ವಿಷಯ ಬೇರೆ ಇದೆ: ಫಲಿತಾಂಶ ಹೀಗೆ ಬಂದರೆ ಏನು ಮಾಡುತ್ತೀರಿ, ಯಾರಿಗೆ ಹೇಳುತ್ತೀರಿ, ಯಾರಿಗೆ ಹೇಳಲು ಹೆದರಿಕೆ. ಇದನ್ನು ಬಿಟ್ಟು ನೇರ ರಕ್ತ ಕೊಟ್ಟವರು ಆಮೇಲೆ ರಿಪೋರ್ಟ್ ಹಿಡಿದು ಒದ್ದಾಡುತ್ತಾರೆ.

ರಕ್ತ ಪರೀಕ್ಷೆ ಮೊದಲು ಕಾಯಿಲೆ ಬಂದವರಿಗೇ ಆಗಬೇಕು. ಇಲ್ಲಿ ತುಂಬಾ ಮನೆಗಳು ಎಡವುತ್ತವೆ. ಅಣ್ಣ ಹುಷಾರಿಲ್ಲ, ಅವನಿಗೆ ಯಾಕೆ ತೊಂದರೆ ಎಂದು ಆರೋಗ್ಯವಾಗಿರುವ ತಂಗಿ ಬಂದು ಪರೀಕ್ಷೆ ಮಾಡಿಸುತ್ತಾಳೆ. ಏನೂ ಸಿಗಲಿಲ್ಲ ಎಂದು ಬಂದರೆ ಎರಡು ಅರ್ಥ. ಮನೆಯಲ್ಲಿರುವ ದೋಷ ಅವಳಿಗೆ ಬಂದಿಲ್ಲದಿರಬಹುದು. ಇಲ್ಲವೇ ಆ ದೋಷ ಈ ಪರೀಕ್ಷೆಗೆ ಸಿಗದ ಜಾತಿಯದಿರಬಹುದು. ಎರಡರಲ್ಲಿ ಯಾವುದು ಎಂದು ಹೇಳಲು ದಾರಿಯೇ ಇರುವುದಿಲ್ಲ. ಕಾಯಿಲೆ ಬಂದವರು ಈಗಾಗಲೇ ತೀರಿಕೊಂಡಿದ್ದರೆ ಅವರ ಮೇಣದ ಬ್ಲಾಕ್ ಆಸ್ಪತ್ರೆಯಲ್ಲಿ ಉಳಿದಿದೆಯಾ ವಿಚಾರಿಸಿ. ತುಂಬಾ ಹುಷಾರಿಲ್ಲದವರಿದ್ದರೆ ಈಗಲೇ ರಕ್ತ ತೆಗೆದಿಡಿಸಿ, ಪರೀಕ್ಷೆ ಆಮೇಲೆ ನಿಧಾನವಾಗಿ ಮಾಡಿಸಬಹುದು.

ರಿಪೋರ್ಟ್ ಬಂತು

ಶಿರಾದವನ ರಿಪೋರ್ಟಿನಲ್ಲಿ ಎಂಎಸ್‌ಎಚ್2 ಜೀನಿನ ಮುಂದೆ ಹೀಗೆ ಇದೆ ಎಂದುಕೊಳ್ಳಿ:

```
c.942+3A>T
```

ಇದು ಎಂಎಸ್‌ಎಚ್2ನಲ್ಲಿ ಲೋಕದ ಎಲ್ಲ ಕಡೆ ಮತ್ತೆ ಮತ್ತೆ ಸಿಕ್ಕಿರುವ, ಕಾಯಿಲೆ ತರುತ್ತದೆ ಎಂದು ಖಚಿತವಾದ ಬದಲಾವಣೆ. ಈ ಒಂದು ಸಾಲು ಈಗ ಇಡೀ ಮನೆತನದ ಆಸ್ತಿ. ನೆಂಟರು ಎಲ್ಲ ಜೀನುಗಳನ್ನೂ ಪರೀಕ್ಷೆ ಮಾಡಿಸಬೇಕಿಲ್ಲ, ಈ ಒಂದು ಜಾಗ ನೋಡಿದರೆ ಸಾಕು. ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಒಂದು ಅಕ್ಷರ ತಪ್ಪಿದರೂ ಲ್ಯಾಬ್‌ನವರು ಬೇರೆ ಜಾಗ ನೋಡುತ್ತಾರೆ. ಅದಕ್ಕೆ ಬಾಯಲ್ಲಿ ಹೇಳಬೇಡಿ, ರಿಪೋರ್ಟಿನ ಪ್ರತಿಯನ್ನೇ ಕೊಡಿ.

ಕೆಲವು ಸಲ ರಿಪೋರ್ಟಿನಲ್ಲಿ ವಿಯುಎಸ್ ಎಂದು ಬರುತ್ತದೆ. ಏನೋ ಬದಲಾವಣೆ ಇದೆ, ಆದರೆ ಕೆಟ್ಟದ್ದೋ ಅಲ್ಲವೋ ಇನ್ನೂ ಗೊತ್ತಿಲ್ಲ ಎಂದರ್ಥ. ಭಾರತೀಯರ ಮಾಹಿತಿ ಜೀನ್ ಭಂಡಾರಗಳಲ್ಲಿ ಕಡಿಮೆ ಇರುವುದರಿಂದ ನಮ್ಮವರಲ್ಲಿ ಇದು ಜಾಸ್ತಿ. ವಿಯುಎಸ್ ಆಧಾರದ ಮೇಲೆ ನೆಂಟರನ್ನು ಪರೀಕ್ಷೆ ಮಾಡಿ ಆಪರೇಷನ್ ತೀರ್ಮಾನ ಮಾಡಬಾರದು. ಮನೆಯ ಕಥೆಯನ್ನೇ ಹಿಡಿದು ತಪಾಸಣೆ ನಡೆಸಬೇಕು, ಒಂದೆರಡು ವರ್ಷ ಬಿಟ್ಟು ಲ್ಯಾಬನ್ನು ಮತ್ತೆ ಕೇಳಬೇಕು.

ನೆಂಟರಿಗೆ ಹೇಳುವುದು

ಕೌನ್ಸೆಲರ್ ತಾವಾಗಿ ನಿಮ್ಮ ನೆಂಟರಿಗೆ ಫೋನ್ ಮಾಡುವುದಿಲ್ಲ. ಒಂದು ಪತ್ರ ಬರೆದುಕೊಡುತ್ತಾರೆ, ತಲುಪಿಸುವುದು ನೀವು. ಪತ್ರದಲ್ಲಿ ಜೀನಿನ ಹೆಸರು, ಆ ಸಾಲು, ಯಾರು ಪರೀಕ್ಷೆ ಮಾಡಿಸಬಹುದು ಎಂಬುದು ಇರುತ್ತದೆ. ಮದುವೆ ಮನೆಯಲ್ಲಿ, ತಿಥಿಯ ಊಟದ ಹೊತ್ತಿನಲ್ಲಿ ಇದನ್ನು ಎತ್ತಬೇಡಿ. ಒಬ್ಬೊಬ್ಬರಿಗೂ ಬೇರೆಯಾಗಿ, ಕೂತು ಹೇಳಿ. ಪರೀಕ್ಷೆ ಬೇಡ ಎನ್ನುವ ಹಕ್ಕೂ ಅವರಿಗಿದೆ. ಆದರೆ ಬೇಡ ಎಂದವರಿಗೂ ಕೊಲೊನೋಸ್ಕೋಪಿ ಬೇಕೇ ಬೇಕು.

ಈಗ ಜೋಡಿ ಗೆರೆಯ ವಿಷಯಕ್ಕೆ ಬರೋಣ. ಅಕ್ಕ 46, ಅವಳ ಗಂಡ ಅಂದರೆ ಚಿಕ್ಕ ಮಾವ 56. ಇಬ್ಬರೂ ಪರೀಕ್ಷೆ ಮಾಡಿಸಿದರು. ಅಕ್ಕನಲ್ಲಿ ದೋಷ ಇಲ್ಲ. ಸಾಮಾನ್ಯವಾಗಿ ಇಲ್ಲಿಗೆ ಅವಳ ಕವಲು ಮುಗಿಯಿತು, ಅವಳ ಮಕ್ಕಳು ಪಾರು ಎಂದು ಕೌನ್ಸೆಲರ್ ಹೇಳುತ್ತಾರೆ. ಆದರೆ ಮಾವನಲ್ಲಿ ದೋಷ ಇದೆ. ದೋಷ ತಾಯಿ ಕಡೆಯದು ಎಂಬುದೂ ಇದರಿಂದ ಖಾತ್ರಿಯಾಯಿತು. ಹಾಗಾಗಿ ಅಕ್ಕನ ಮಕ್ಕಳಿಗೆ ಅಪ್ಪನಿಂದ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಚಿತ್ರದಲ್ಲಿ ಒಂದೇ ಗೆರೆ ಎಳೆದಿದ್ದರೆ, ಭಾವ ಹೊರಗಿನವರು ಎಂದುಕೊಂಡು ಆ ಮಕ್ಕಳನ್ನು ಬಿಟ್ಟುಬಿಡುತ್ತಿದ್ದರು.

ಇಬ್ಬರಲ್ಲೂ ದೋಷ ಇದ್ದಿದ್ದರೆ? ಆಗ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅದು ಲಿಂಚ್ ಅಲ್ಲ, ಸಿಎಂಎಂಆರ್‌ಡಿ ಎಂಬ ಬೇರೆಯೇ ಕಾಯಿಲೆ. ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಮಚ್ಚೆಗಳು, ಚಿಕ್ಕ ವಯಸ್ಸಿನಲ್ಲೇ ಮೆದುಳಿನ ಗಡ್ಡೆ, ರಕ್ತದ ಕ್ಯಾನ್ಸರ್, ಕರುಳಿನ ಕ್ಯಾನ್ಸರ್ ಬರುತ್ತವೆ. ಒಳಮದುವೆಯಾದ ಮನೆಯಲ್ಲಿ ಚಿಕ್ಕ ಮಗು ಹೀಗೆ ತೀರಿಕೊಂಡಿದ್ದರೆ ಆ ಮಗುವಿಗೂ ಚಿತ್ರದಲ್ಲಿ ಜಾಗ ಕೊಡಿ. ಇನ್ನೊಂದು ವಿಷಯ: ಒಡಹುಟ್ಟಿದವರಿಗೆ ಮಾತ್ರ ಪಾಲಿಪ್‌ಗಳು, ಕ್ಯಾನ್ಸರ್ ಇದ್ದು ಅಪ್ಪ ಅಮ್ಮನಿಗೆ ಏನೂ ಇಲ್ಲದಿದ್ದರೆ ಎಂಯುಟಿವೈಎಚ್ ಎಂಬ ಜೀನನ್ನೂ ನೋಡಬೇಕು. ಅಲ್ಲೂ ಎರಡು ಕೆಟ್ಟ ಪ್ರತಿ ಸೇರಿದಾಗಲೇ ಕಾಯಿಲೆ.

ದೋಷ ಇದೆ ಎಂದಾದ ಮೇಲೆ

ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ದೋಷ ಇರುವವರಿಗೆ ಕೊಲೊನೋಸ್ಕೋಪಿ 20ರಿಂದ 25ರ ವಯಸ್ಸಿಗೇ ಶುರು. ಮನೆಯಲ್ಲಿ ಇನ್ನೂ ಚಿಕ್ಕ ವಯಸ್ಸಿಗೆ ಯಾರಿಗಾದರೂ ಬಂದಿದ್ದರೆ ಅದಕ್ಕಿಂತ ಎರಡರಿಂದ ಐದು ವರ್ಷ ಮುಂಚೆ. ಆಮೇಲೆ ಒಂದು ಅಥವಾ ಎರಡು ವರ್ಷಕ್ಕೊಮ್ಮೆ. ಎಂಎಸ್‌ಎಚ್6, ಪಿಎಂಎಸ್2 ಇದ್ದವರಿಗೆ 30ರಿಂದ 35ಕ್ಕೆ ಶುರು ಮಾಡಿದರೂ ಆದೀತು. ರಿಪೋರ್ಟ್ ಬಂದಾಗ ಎರಡು ವಿಷಯ ನೋಡಿ: ಕ್ಯಾಮೆರಾ ದೊಡ್ಡ ಕರುಳು ಶುರುವಾಗುವ ಸೀಕಮ್‌ವರೆಗೆ ಹೋಗಿದೆಯಾ, ಕರುಳು ಚೆನ್ನಾಗಿ ಸ್ವಚ್ಛವಾಗಿತ್ತಾ. ಲಿಂಚ್‌ನ ಗಡ್ಡೆಗಳು ಜಾಸ್ತಿ ಬಲಗಡೆ ಬರುವುದರಿಂದ ಅರ್ಧ ದಾರಿಗೆ ನಿಂತ ಪರೀಕ್ಷೆ ಪ್ರಯೋಜನಕ್ಕಿಲ್ಲ. ಇದೇ ಕಾರಣಕ್ಕೆ, ಕೆಳಭಾಗ ಮಾತ್ರ ನೋಡುವ ಸಿಗ್ಮಾಯಿಡೋಸ್ಕೋಪಿಯೂ ಸಾಲದು.

ಹೆಂಗಸರು ಅಕಾಲದ ರಕ್ತಸ್ರಾವವನ್ನು, ಅದರಲ್ಲೂ ಮುಟ್ಟು ನಿಂತ ಮೇಲಿನದನ್ನು, ಒಂದು ದಿನವೂ ಮುಂದೂಡಬಾರದು. ಮಕ್ಕಳಾದ ಮೇಲೆ, ನಲವತ್ತರ ಆಸುಪಾಸಿನಲ್ಲಿ ಗರ್ಭಕೋಶ ಮತ್ತು ಅಂಡಾಶಯ ತೆಗೆಸುವ ಬಗ್ಗೆ ಡಾಕ್ಟರ ಜೊತೆ ಮಾತಾಡಬೇಕು. ಆಸ್ಪಿರಿನ್ ಬಗ್ಗೆಯೂ ಕೇಳಿ. ದಿನಕ್ಕೆ 600 ಮಿಲಿಗ್ರಾಂ ಎರಡು ವರ್ಷ ಕೊಟ್ಟ ಕ್ಯಾಪ್2 ಎಂಬ ಪ್ರಯೋಗದಲ್ಲಿ ಲಿಂಚ್ ಇರುವವರಿಗೆ ಕರುಳಿನ ಕ್ಯಾನ್ಸರ್ ಕಡಿಮೆಯಾಯಿತು. ಆದರೆ ಅದು ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ತರಬಲ್ಲ ಮಾತ್ರೆ. ಅಂಗಡಿಯಿಂದ ತಂದು ನೀವೇ ಶುರು ಮಾಡಬೇಡಿ.

ಶಿರಾದವನ ಮಕ್ಕಳು 14 ಮತ್ತು 11ರವರು. ಲಿಂಚ್‌ನಲ್ಲಿ ಮಕ್ಕಳಿಗೆ ಪರೀಕ್ಷೆ ಮಾಡುವುದಿಲ್ಲ, 18 ಆದ ಮೇಲೆ ಅವರೇ ತೀರ್ಮಾನಿಸುತ್ತಾರೆ. ಎಫ್‌ಎಪಿ ಇರುವ ಮನೆಯಲ್ಲಿ ಮಾತ್ರ 10-12ಕ್ಕೇ ನೋಡಬೇಕು, ಯಾಕೆಂದರೆ ಅಲ್ಲಿ ಪಾಲಿಪ್ ಆಗಲೇ ಶುರುವಾಗುತ್ತದೆ. ಅಕ್ಕನ ಮಗಳಿಗೆ 24, ಅವಳು ಈಗಲೇ ಮಾಡಿಸಬಹುದು. "ಹೆಣ್ಣು ನೋಡಲು ಬರುವವರಿಗೆ ಗೊತ್ತಾದರೆ?" ಎಂದು ಅಕ್ಕ ಕೇಳುತ್ತಾಳೆ. ಹೇಳುವುದು ಬಿಡುವುದು ಮಗಳ ಇಷ್ಟ, ಕೌನ್ಸೆಲರ್ ಯಾರಿಗೂ ತಿಳಿಸುವುದಿಲ್ಲ. ಆದರೆ ನೆಂಟರೊಳಗಿನ ಹುಡುಗನಿಗೇ ಕೊಡೋಣ ಎಂದು ಮನೆಯಲ್ಲಿ ಮಾತು ನಡೆದಿದ್ದರೆ, ತಾಂಬೂಲ ಬದಲಿಸುವ ಮೊದಲು ಹುಡುಗ ಹುಡುಗಿ ಇಬ್ಬರೂ ಆ ಒಂದು ಸಾಲನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದೇ ಮನೆತನದ ದೋಷ ಆ ಹುಡುಗನಲ್ಲೂ ಇರಬಹುದು.